ವಿವಾದಿತ ಕಾನೂನು ಸಿದ್ಧಾಂತದ ಮೇಲೆ ದೀರ್ಘ ಉತ್ತರ: 32 ನಿಮಿಷಗಳನ್ನು ಹಂಚಿಕೊಳ್ಳುವುದು ಹೇಗೆ

ಕಾರವಾರದಲ್ಲಿ ವಕೀಲಿಕೆಯ ಜೊತೆಗೆ, ಸಂಜೆ ಹೊತ್ತು ಕಾನೂನು ವಿದ್ಯಾರ್ಥಿಗಳು ಬರೆದು ತರುವ ಉತ್ತರಗಳನ್ನು ತಿದ್ದುತ್ತೇನೆ. ಅಂಕೋಲಾ, ಕುಮಟಾ, ಶಿರಸಿ ಕಡೆಯಿಂದ ಬರುವವರು ಪರೀಕ್ಷೆ ಹತ್ತಿರವಾದಂತೆ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: “ಸರ್, ಪ್ರಕರಣಗಳೆಲ್ಲ ನೆನಪಿವೆ. ಆದರೆ ಬರೆಯುತ್ತ ಹೋದರೆ ಸಮಯ ಸಾಲುವುದಿಲ್ಲ, ಬರೆದು ಮುಗಿಸಿದರೂ ಅಂಕ ಬರುವುದಿಲ್ಲ.” ಈ ಎರಡೂ ದೂರಿಗೆ ಕಾರಣ ಒಂದೇ ಎಂಬುದು ನನ್ನ ಅನುಭವ. ನ್ಯಾಯಾಧೀಶರಲ್ಲೇ ಒಮ್ಮತವಿಲ್ಲದ ಸಿದ್ಧಾಂತವನ್ನು ಇವರು ಇಸವಿಯ ಸಾಲಿನಲ್ಲಿ ಕಥೆಯಂತೆ ಹೇಳುತ್ತ ಹೋಗುತ್ತಾರೆ. ಭಿನ್ನಾಭಿಪ್ರಾಯ ಶುರುವಾಗುವ ಜಾಗಕ್ಕೆ ತಲುಪುವಷ್ಟರಲ್ಲಿ ಗಂಟೆ ಬಾರಿಸುತ್ತದೆ.

ಒಂದೇ ಸಿದ್ಧಾಂತವನ್ನು ಹಿಡಿದು ಕೊನೆಯವರೆಗೂ ಬಿಡಿಸಿ ತೋರಿಸುತ್ತೇನೆ. ಅದು ಸಂವಿಧಾನದ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುವ ‘ಅತ್ಯಗತ್ಯ ಧಾರ್ಮಿಕ ಆಚರಣೆ’ಯ ಪರೀಕ್ಷೆ. ಧರ್ಮದ ಹೆಸರಿನಲ್ಲಿ ನಡೆಯುವ ಎಲ್ಲ ಆಚರಣೆಗಳಿಗೂ ಸಂವಿಧಾನದ ರಕ್ಷಣೆ ಸಿಗುವುದಿಲ್ಲ. ಆ ಧರ್ಮಕ್ಕೆ ಅತ್ಯಗತ್ಯವಾದುದಕ್ಕೆ ಮಾತ್ರ ಸಿಗುತ್ತದೆ ಎನ್ನುವ ನ್ಯಾಯಾಲಯದ ಅಳತೆಗೋಲು ಇದು. ನಮ್ಮ ಕರಾವಳಿಗೆ ಇದು ದೂರದ ವಿಷಯವಲ್ಲ. ಇದರ ಮೊದಲ ದೊಡ್ಡ ತೀರ್ಪು ಉಡುಪಿಯ ಶಿರೂರು ಮಠದ್ದು, ಇನ್ನೊಂದು ಮುಖ್ಯ ತೀರ್ಪು ಮೂಲ್ಕಿಯ ವೆಂಕಟರಮಣ ದೇವಾಲಯದ್ದು.

ಪ್ರಶ್ನೆ ಹೀಗಿದೆ ಎಂದುಕೊಳ್ಳಿ: “ಅತ್ಯಗತ್ಯ ಧಾರ್ಮಿಕ ಆಚರಣೆಯ ಪರೀಕ್ಷೆಯು ನ್ಯಾಯಾಲಯವನ್ನು ಧರ್ಮಶಾಸ್ತ್ರದ ತೀರ್ಪುಗಾರನನ್ನಾಗಿ ಮಾಡಿದೆ. ವಿಮರ್ಶಾತ್ಮಕವಾಗಿ ಚರ್ಚಿಸಿ.” ಅಂಕ 20.

ಹಂತ 1: ಗಡಿಯಾರದ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಳ್ಳಿ

ಮೂರು ಗಂಟೆಯ ಪತ್ರಿಕೆ, ತಲಾ 20 ಅಂಕದ ಐದು ಪ್ರಶ್ನೆ ಎಂದು ಹಿಡಿಯೋಣ. ಒಟ್ಟು 180 ನಿಮಿಷ. ಪ್ರಶ್ನೆಗಳನ್ನು ಓದಿ ಆರಿಸಲು ಮೊದಲ 10, ಕೊನೆಗೆ ಮತ್ತೊಮ್ಮೆ ನೋಡಲು 10 ತೆಗೆದಿಟ್ಟರೆ ಉಳಿಯುವುದು 160. ಪ್ರತಿ ಉತ್ತರಕ್ಕೆ 32 ನಿಮಿಷ. ನಿಮ್ಮ ಪತ್ರಿಕೆಯ ಅಂಕಗಳು ಬೇರೆಯಾಗಿದ್ದರೆ ಉಳಿದ ನಿಮಿಷಗಳನ್ನು ಒಟ್ಟು ಅಂಕದಿಂದ ಭಾಗಿಸಿ. ಇಲ್ಲಿ ಒಂದು ಅಂಕಕ್ಕೆ ಒಂದೂವರೆ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ.

ಈ 32 ನಿಮಿಷವನ್ನು ನಾನು ಹೀಗೆ ಒಡೆಯುತ್ತೇನೆ: ಯೋಚಿಸಿ ಟಿಪ್ಪಣಿ ಮಾಡಲು 5, ಪೀಠಿಕೆಗೆ 3, ಸಿದ್ಧಾಂತದ ಬೇರಿಗೆ 6, ವಿವಾದದ ಗಂಟಿಗೆ 11, ಎದುರು ವಾದ ಮತ್ತು ಪರ್ಯಾಯಕ್ಕೆ 5, ಮುಕ್ತಾಯಕ್ಕೆ 2. ವಿವಾದಕ್ಕೆ ಹನ್ನೊಂದು ನಿಮಿಷ ಏಕೆಂದರೆ ಪ್ರಶ್ನೆ ಕೇಳಿರುವುದೇ ಅದನ್ನು. ಸಿದ್ಧಾಂತದ ಅರ್ಥವೇನು ಎಂದಷ್ಟೇ ಕೇಳಿದ್ದರೆ ‘ವಿಮರ್ಶಾತ್ಮಕವಾಗಿ’ ಎಂಬ ಪದ ಅಲ್ಲಿ ಇರುತ್ತಿರಲಿಲ್ಲ.

ಬರೆಯಲು ಉಳಿಯುವುದು 27 ನಿಮಿಷ. ನಾನು ನೋಡಿದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಒಂದು ಪುಟ ತುಂಬಲು ಆರೇಳು ನಿಮಿಷ ಬೇಕು. ಅಂದರೆ ನಿಮ್ಮ ಕೈಯಲ್ಲಿರುವುದು ನಾಲ್ಕು ಪುಟ. ಒಮ್ಮೆ ಗಡಿಯಾರ ಇಟ್ಟುಕೊಂಡು ನಿಮ್ಮ ಸ್ವಂತ ವೇಗವನ್ನು ಅಳೆಯಿರಿ. ನಾಲ್ಕೇ ಪುಟ ಎಂಬುದು ಗೊತ್ತಾದ ದಿನ, ಹತ್ತು ತೀರ್ಪುಗಳನ್ನು ತುರುಕುವ ಆಸೆ ತಾನಾಗಿಯೇ ಕಡಿಮೆಯಾಗುತ್ತದೆ.

ಹಂತ 2: ಪ್ರಶ್ನೆಯ ಎಳೆಗಳನ್ನು ಬಿಡಿಸಿ (5 ನಿಮಿಷದಲ್ಲಿ ಮೊದಲ ಎರಡು)

ಮೇಲಿನ ಪ್ರಶ್ನೆಯಲ್ಲಿ ಒಂದು ಆರೋಪ ನೇರವಾಗಿದೆ: ನ್ಯಾಯಾಲಯ ಈಗ ಶಾಸ್ತ್ರ ನಿರ್ಣಯಿಸುತ್ತಿದೆ. ಇನ್ನೊಂದು ಮಾತು ಒಳಗೆ ಅಡಗಿದೆ: ‘ಮಾಡಿದೆ’ ಎಂದರೆ ಮೊದಲು ಹಾಗಿರಲಿಲ್ಲ, ಆಮೇಲೆ ಹಾಗಾಯಿತು. ಈ ಅಡಗಿದ ಮಾತನ್ನು ಕಂಡುಕೊಂಡವರಿಗೆ ಉತ್ತರದ ಆಕಾರ ಅಲ್ಲೇ ಸಿಗುತ್ತದೆ. ಮೊದಲು ಹೇಗಿತ್ತು, ಯಾವಾಗ ಬದಲಾಯಿತು, ಬದಲಾದದ್ದು ಸರಿಯೇ, ಬೇರೆ ದಾರಿ ಇತ್ತೇ? ನಾಲ್ಕು ಪುಟಕ್ಕೆ ಈ ನಾಲ್ಕು ಪ್ರಶ್ನೆ ಸಾಕು.

ಎಚ್ಚರ: ಪ್ರಶ್ನೆಯಲ್ಲಿ ಉದ್ಧರಣ ಚಿಹ್ನೆಯೊಳಗೆ ಒಂದು ಹೇಳಿಕೆ ಇದ್ದರೆ ಅದನ್ನು ಒಪ್ಪಲೇಬೇಕೆಂದು ಹಲವರು ತಿಳಿಯುತ್ತಾರೆ. ಹಾಗೇನಿಲ್ಲ. ಅರ್ಧ ಒಪ್ಪಬಹುದು, ಪೂರ್ತಿ ಅಲ್ಲಗಳೆಯಬಹುದು. ಆದರೆ ಎಷ್ಟು ಒಪ್ಪುತ್ತೀರಿ ಎಂಬುದನ್ನು ಹೇಳದೆ ಬಿಡುವಂತಿಲ್ಲ.

ಹಂತ 3: ಕೊನೆಯ ವಾಕ್ಯವನ್ನು ಮೊದಲು ಬರೆದಿಡಿ (ಉಳಿದ ಮೂರು ನಿಮಿಷ)

ಉತ್ತರಪತ್ರಿಕೆಯ ಹಿಂದಿನ ಪುಟದಲ್ಲೋ, ಕಚ್ಚಾ ಬರಹಕ್ಕೆ ಬಿಟ್ಟ ಜಾಗದಲ್ಲೋ, ನಿಮ್ಮ ನಿಲುವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಇದನ್ನು ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ, ಸಮಯ ಹಾಳು ಎನ್ನಿಸುತ್ತದೆ. ಆದರೆ ನನ್ನ ಕೈಗೆ ಬಂದ ಉತ್ತರಗಳಲ್ಲಿ ದಾರಿ ತಪ್ಪಿದವುಗಳೆಲ್ಲ ಈ ವಾಕ್ಯವಿಲ್ಲದೆ ಹೊರಟಂಥವೇ.

ನಮ್ಮ ಪ್ರಶ್ನೆಗೆ ನನ್ನ ವಾಕ್ಯ ಇದು: “ಆರೋಪ 1954ರ ತೀರ್ಪಿಗೆ ಹೊಂದುವುದಿಲ್ಲ, 1961ರ ನಂತರದ ತಿರುವಿಗೆ ಹೊಂದುತ್ತದೆ, ಮೂಲ್ಕಿಯ ಪ್ರಕರಣ ತೋರಿಸಿದ ದಾರಿಯಲ್ಲಿ ನಡೆದಿದ್ದರೆ ಈ ತೊಡಕು ಇಷ್ಟು ಬಿಗಿಯಾಗುತ್ತಿರಲಿಲ್ಲ.”

ನೀವು ಬೇರೆ ನಿಲುವು ತಾಳಬಹುದು. ಪರೀಕ್ಷೆ ಸರಿಯಾಗಿಯೇ ಇದೆ ಎಂದು ವಾದಿಸಲೂ ಸಾಕಷ್ಟು ಸಾಮಗ್ರಿ ಇದೆ. ನಿಲುವು ಯಾವುದೇ ಇರಲಿ, ಅದರ ಕೆಳಗೆ ತೀರ್ಪುಗಳ ಹೆಸರು, ಇಸವಿ ಮತ್ತು ಪ್ರತಿಯೊಂದು ಯಾವ ಕೆಲಸಕ್ಕೆ ಬಂತು ಎಂಬುದನ್ನು ಎರಡೇ ಪದದಲ್ಲಿ ಗುರುತು ಹಾಕಿಕೊಳ್ಳಿ. ನನ್ನ ಟಿಪ್ಪಣಿ ಹೀಗಿರುತ್ತದೆ:

ಶಿರೂರು 1954 – ಬೇರು
ಮೂಲ್ಕಿಯ ವೆಂಕಟರಮಣ ದೇವರು 1958 – ಪರ್ಯಾಯದ ಬೀಜ
ದರ್ಗಾ ಸಮಿತಿ 1961 – ತಿರುವು
ಆನಂದ ಮಾರ್ಗ 2004 – ತಿರುವಿನ ಫಲ
ಶಬರಿಮಲೆ 2018 – ಒಳಗಿನಿಂದಲೇ ಅನುಮಾನ

ಐದೇ ತೀರ್ಪು. ಟಿಪ್ಪಣಿಯಲ್ಲಿ ಕೆಲಸವಿಲ್ಲದ ತೀರ್ಪು ಎಷ್ಟೇ ಪ್ರಸಿದ್ಧವಾದರೂ ಉತ್ತರದೊಳಗೆ ಬರಬಾರದು.

ಹಂತ 4: ಪೀಠಿಕೆ, ಆರೇಳು ಸಾಲು (3 ನಿಮಿಷ)

ನಾನು ಹೆಚ್ಚಾಗಿ ನೋಡುವ ಪೀಠಿಕೆ ಹೀಗಿರುತ್ತದೆ: “ಭಾರತವು ಹಲವು ಧರ್ಮಗಳ ನೆಲೆವೀಡು. ಪ್ರಾಚೀನ ಕಾಲದಿಂದಲೂ ಇಲ್ಲಿ ಧಾರ್ಮಿಕ ಸಹಿಷ್ಣುತೆ ಇದೆ…” ಈ ಎರಡು ವಾಕ್ಯ ಯಾವ ಪ್ರಶ್ನೆಗೂ ಅಂಟುತ್ತವೆ, ಆದ್ದರಿಂದ ಈ ಪ್ರಶ್ನೆಗೆ ಏನನ್ನೂ ಹೇಳುವುದಿಲ್ಲ. ಹೀಗೆ ಬರೆದಿದ್ದ ಒಬ್ಬ ವಿದ್ಯಾರ್ಥಿನಿ ಆಮೇಲೆ ತಿದ್ದಿ ಬರೆದದ್ದು ಇದು:

“ಸಂವಿಧಾನದ 25ನೆಯ ಅನುಚ್ಛೇದ ವ್ಯಕ್ತಿಗೆ ಧರ್ಮವನ್ನು ಆಚರಿಸುವ ಹಕ್ಕು ಕೊಡುತ್ತದೆ, 26ನೆಯ ಅನುಚ್ಛೇದ ಧಾರ್ಮಿಕ ಪಂಗಡಕ್ಕೆ ಧರ್ಮದ ವಿಷಯಗಳನ್ನು ತಾನೇ ನಿರ್ವಹಿಸುವ ಹಕ್ಕು ಕೊಡುತ್ತದೆ. ಎರಡರಲ್ಲೂ ‘ಅತ್ಯಗತ್ಯ’ ಎಂಬ ಪದವಿಲ್ಲ. ಆ ಪದವನ್ನು ತಂದದ್ದು ನ್ಯಾಯಾಲಯ. ಅದು ಮೊದಲು ಬಳಸಿದ ಅರ್ಥ ಬೇರೆ, ನಂತರ ಬಳಸಿದ ಅರ್ಥ ಬೇರೆ ಎಂಬುದನ್ನೂ, ಪ್ರಶ್ನೆಯ ಆರೋಪ ಎರಡನೆಯ ಅರ್ಥಕ್ಕೆ ಮಾತ್ರ ತಗಲುತ್ತದೆ ಎಂಬುದನ್ನೂ ಈ ಉತ್ತರ ತೋರಿಸುತ್ತದೆ.”

ಈ ಪೀಠಿಕೆಯಲ್ಲಿ ಅನುಚ್ಛೇದಗಳು ಬಂದವು, ಸಮಸ್ಯೆ ಬಂತು, ನಿಲುವೂ ಬಂತು. ನಿಲುವನ್ನು ಕೊನೆಯವರೆಗೆ ಬಚ್ಚಿಟ್ಟು ಅಚ್ಚರಿ ಹುಟ್ಟಿಸುವುದು ಕಥೆಗೆ ಚೆನ್ನ. ಮೌಲ್ಯಮಾಪಕರಿಗೆ ಮೊದಲ ಪುಟದಲ್ಲೇ ದಾರಿ ಕಾಣಬೇಕು.

ಹಂತ 5: ಬೇರು (6 ನಿಮಿಷ)

ಇಲ್ಲಿ ಒಂದೇ ತೀರ್ಪನ್ನು ಸರಿಯಾಗಿ ಬಿಡಿಸಿ. 1951ರ ಮದ್ರಾಸ್ ಹಿಂದೂ ಧಾರ್ಮಿಕ ದತ್ತಿ ಕಾಯ್ದೆಯನ್ನು ಶಿರೂರು ಮಠದ ಸ್ವಾಮೀಜಿಯವರು ಪ್ರಶ್ನಿಸಿದ್ದರು. ಉಡುಪಿ ಆಗ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದ ಪರವಾಗಿ ತೀರ್ಪು ಬರೆದವರು ನ್ಯಾಯಮೂರ್ತಿ ಬಿ.ಕೆ. ಮುಖರ್ಜಿ.

ನ್ಯಾಯಾಲಯದ ಮುಂದಿದ್ದ ನಿಜವಾದ ಪ್ರಶ್ನೆಯನ್ನು ಹಿಡಿಯಿರಿ. 25ನೆಯ ಅನುಚ್ಛೇದದ ಎರಡನೆಯ ಖಂಡದ ಪ್ರಕಾರ, ಧರ್ಮಾಚರಣೆಯ ಜೊತೆಗೆ ಬರುವ ಆರ್ಥಿಕ, ರಾಜಕೀಯ ಅಥವಾ ಬೇರಾವುದೇ ಲೌಕಿಕ ಚಟುವಟಿಕೆಯನ್ನು ಸರ್ಕಾರ ನಿಯಂತ್ರಿಸಬಹುದು. ಹಾಗಾದರೆ ಯಾವುದು ಧಾರ್ಮಿಕ, ಯಾವುದು ಲೌಕಿಕ? ನ್ಯಾಯಾಲಯ ಕೊಟ್ಟ ಉದಾಹರಣೆ ನಮ್ಮ ಕಡೆಯವರಿಗೆ ಥಟ್ಟನೆ ಅರ್ಥವಾಗುವಂಥದು. ದೇವರಿಗೆ ಇಂಥ ಹೊತ್ತಿನಲ್ಲಿ ನೈವೇದ್ಯ ಆಗಬೇಕು, ಇಂಥ ಕಾಲದಲ್ಲಿ ಇಂಥ ವಿಧಿ ನಡೆಯಬೇಕು ಎಂದು ಆ ಪಂಗಡದ ಸಿದ್ಧಾಂತ ಹೇಳಿದರೆ ಅದು ಧರ್ಮದ ಭಾಗವೇ. ಅದಕ್ಕೆ ಹಣ ಖರ್ಚಾಗುತ್ತದೆ, ಕೆಲಸದವರು ಬೇಕಾಗುತ್ತಾರೆ ಎಂಬ ಕಾರಣಕ್ಕೆ ಅದು ಲೌಕಿಕ ವ್ಯವಹಾರ ಆಗುವುದಿಲ್ಲ. ಧರ್ಮದ ಅತ್ಯಗತ್ಯ ಭಾಗ ಯಾವುದು ಎಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು.

ಇಲ್ಲಿ ‘ಅತ್ಯಗತ್ಯ’ ಎಂಬುದು ಧಾರ್ಮಿಕವನ್ನು ಲೌಕಿಕದಿಂದ ಬೇರ್ಪಡಿಸುವ ಗೆರೆ. ಧರ್ಮದ ಒಳಗೆ ಯಾವುದು ಹೆಚ್ಚು ಮುಖ್ಯ, ಯಾವುದು ಕಡಿಮೆ ಎಂಬ ತೂಕ ಅಲ್ಲಿ ನಡೆದಿಲ್ಲ. 1948ರ ಡಿಸೆಂಬರ್‌ 2ರಂದು ಸಂವಿಧಾನ ರಚನಾ ಸಭೆಯಲ್ಲಿ ಅಂಬೇಡ್ಕರ್ ಆಡಿದ ಮಾತಿನಲ್ಲೂ ಇದೇ ಭೇದವಿದೆ: ಸ್ವಭಾವದಲ್ಲೇ ಧಾರ್ಮಿಕವಾದ ವಿಧಿಗಳು ಒಂದು ಕಡೆ, ಗೇಣಿ, ಉತ್ತರಾಧಿಕಾರಗಳಂಥ ವಿಷಯ ಇನ್ನೊಂದು ಕಡೆ. ಸಮಯವಿದ್ದರೆ ಇದಕ್ಕೊಂದು ವಾಕ್ಯ ಕೊಡಿ.

ಈ ಹಂತದಲ್ಲಿ ಎರಡು ಎಡವಟ್ಟು ಪದೇ ಪದೇ ಆಗುತ್ತವೆ. ಮೊದಲನೆಯದು, ಶಿರೂರು ಮಠದ ತೀರ್ಪು ತೆರಿಗೆ ಮತ್ತು ಶುಲ್ಕದ ವ್ಯತ್ಯಾಸಕ್ಕೂ ಪ್ರಮುಖ ತೀರ್ಪು. ಮಠಗಳು ಸರ್ಕಾರಕ್ಕೆ ಕೊಡಬೇಕಿದ್ದ ವಂತಿಗೆ ಶುಲ್ಕವಲ್ಲ, ತೆರಿಗೆ ಎಂದು ನ್ಯಾಯಾಲಯ ಹೇಳಿತು. ಅದನ್ನೂ ಓದಿರುವವರು ಇಲ್ಲಿ ಅರ್ಧ ಪುಟ ಅದನ್ನೇ ಬರೆದುಬಿಡುತ್ತಾರೆ. ನಮ್ಮ ಪ್ರಶ್ನೆಗೆ ಅದರಿಂದ ಒಂದು ಅಂಕವೂ ಬರುವುದಿಲ್ಲ. ಎರಡನೆಯದು ನಮ್ಮ ಜಿಲ್ಲೆಯವರದ್ದೇ: ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಮಠವಿತ್ತೆಂದು ಬರೆದ ಉತ್ತರವನ್ನೂ ನೋಡಿದ್ದೇನೆ. ಇದು ಉಡುಪಿಯ ಅಷ್ಟಮಠಗಳಲ್ಲಿ ಒಂದು.

ಹಂತ 6: ವಿವಾದದ ಗಂಟು (11 ನಿಮಿಷ)

ಉತ್ತರದ ಹೃದಯ ಇದೇ. ಇಲ್ಲಿ ಮೂರು ಪ್ಯಾರಾ ಬರೆಯಿರಿ, ಪ್ರತಿಯೊಂದಕ್ಕೂ ಮೂರರಿಂದ ನಾಲ್ಕು ನಿಮಿಷ. ಪ್ರತಿ ಪ್ಯಾರಾದ ಮೊದಲ ವಾಕ್ಯ ನಿಮ್ಮ ವಾದವಾಗಿರಲಿ, ತೀರ್ಪು ಅದಕ್ಕೆ ಪುರಾವೆಯಾಗಿ ಹಿಂದೆ ಬರಲಿ. “1961ರಲ್ಲಿ ದರ್ಗಾ ಸಮಿತಿ ಪ್ರಕರಣದಲ್ಲಿ…” ಎಂದು ಶುರು ಮಾಡಿದರೆ ಕೈ ತಾನಾಗಿಯೇ ಕಥೆಗೆ ಹೊರಳುತ್ತದೆ. “ಪದದ ಅರ್ಥ ಜಾರಿದ್ದು 1961ರಲ್ಲಿ” ಎಂದು ಶುರು ಮಾಡಿದರೆ ಮುಂದಿನ ಮಾತೆಲ್ಲ ಅದನ್ನು ಸಾಧಿಸಲೇಬೇಕಾಗುತ್ತದೆ.

ಮೊದಲ ಪ್ಯಾರಾ ಆ ಜಾರುವಿಕೆಯದು. ಅಜ್ಮೇರ್ ದರ್ಗಾದ ಆಡಳಿತದ ಬಗ್ಗೆ ಬಂದ ಈ ಪ್ರಕರಣದಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಒಂದು ಎಚ್ಚರಿಕೆಯ ಮಾತು ಸೇರಿಸಿದರು. ಧಾರ್ಮಿಕವೆನಿಸಿದ ಆಚರಣೆಗಳೂ ಬರಿಯ ಮೂಢನಂಬಿಕೆಯಿಂದ ಹುಟ್ಟಿರಬಹುದು. ಅಂಥವು ಧರ್ಮಕ್ಕೆ ಹೊರಗಿನಿಂದ ಅಂಟಿಕೊಂಡ, ಅತ್ಯಗತ್ಯವಲ್ಲದ ಸೇರ್ಪಡೆಗಳಾಗಿರಬಹುದು. ಅವುಗಳ ಹಕ್ಕೊತ್ತಾಯವನ್ನು ಎಚ್ಚರದಿಂದ ಪರಿಶೀಲಿಸಬೇಕು ಎಂಬುದು ಆ ಮಾತಿನ ತಾತ್ಪರ್ಯ. ಈಗ ಗೆರೆ ಧಾರ್ಮಿಕ–ಲೌಕಿಕದ ನಡುವೆ ಇಲ್ಲ. ಧರ್ಮದ ಒಳಗಡೆಯೇ, ತಿರುಳು–ಸಿಪ್ಪೆಯ ನಡುವೆ ಬಂದಿದೆ. ಸಿಪ್ಪೆ ಯಾವುದು ಎಂದು ಹೇಳಬೇಕಾದವರು ನ್ಯಾಯಾಧೀಶರು. ಪ್ರಶ್ನೆಯ ‘ತೀರ್ಪುಗಾರ’ ಹುಟ್ಟಿದ್ದು ಇಲ್ಲಿ ಎಂದು ನೇರವಾಗಿ ಬರೆಯಿರಿ.

ಎರಡನೆಯ ಪ್ಯಾರಾದಲ್ಲಿ ಈ ತಿರುವಿನ ಪರಿಣಾಮವನ್ನು ಒಂದೇ ಪ್ರಕರಣದಲ್ಲಿ ಹತ್ತಿರದಿಂದ ತೋರಿಸಿ. ಅದಕ್ಕೆ ಆನಂದ ಮಾರ್ಗದ 2004ರ ತೀರ್ಪಿಗಿಂತ ಒಳ್ಳೆಯದು ಇಲ್ಲ. ಆ ಪಂಥ ಸ್ಥಾಪನೆಯಾದದ್ದು 1955ರಲ್ಲಿ. ಅದರ ಗುರುಗಳು ತಾಂಡವ ನೃತ್ಯವನ್ನು ಅನುಯಾಯಿಗಳಿಗೆ ವಿಧಿಸಿದ್ದು 1966ರಲ್ಲಿ. ಸಾರ್ವಜನಿಕ ಸ್ಥಳದಲ್ಲಿ ತಾಂಡವ ನೃತ್ಯ ಮಾಡುವುದು ಅತ್ಯಗತ್ಯ ಆಚರಣೆಯೇ ಎಂಬುದು ಪ್ರಶ್ನೆ. ಇಬ್ಬರು ನ್ಯಾಯಮೂರ್ತಿಗಳ ಬಹುಮತ ಅಲ್ಲವೆಂದಿತು: ನೃತ್ಯ ಬರುವ ಮೊದಲೇ ಪಂಥ ಇತ್ತು, ಆದ್ದರಿಂದ ಅದಿಲ್ಲದೆಯೂ ಪಂಥ ಇರಬಲ್ಲದು, ತಿರುಳನ್ನು ಆಮೇಲೆ ಸೇರಿಸಲಾಗದು. ಒಬ್ಬರು, ನ್ಯಾಯಮೂರ್ತಿ ಲಕ್ಷ್ಮಣನ್, ಭಿನ್ನಮತ ಬರೆದರು. ಬಹುಮತದ ತರ್ಕದ ತೊಡಕನ್ನು ನೀವು ಒಂದೆರಡು ವಾಕ್ಯದಲ್ಲಿ ಹೇಳಬೇಕು: ಗುರುವಿನ ಮಾತೇ ಪ್ರಮಾಣವಾಗಿರುವ ಪಂಥದಲ್ಲಿ ಗುರು ನಂತರ ಹೇಳಿದ್ದು ಮೊದಲು ಹೇಳಿದ್ದಕ್ಕಿಂತ ಕಡಿಮೆ ಹೇಗಾಗುತ್ತದೆ? ಈ ಅಳತೆಯಲ್ಲಿ ಧರ್ಮ ಹುಟ್ಟಿದ ದಿನಕ್ಕೇ ನಿಂತುಬಿಡಬೇಕಾಗುತ್ತದೆ. 1954ರ ಅಳತೆಯಿಂದ, ಅಂದರೆ ಪಂಥದ ಸಿದ್ಧಾಂತವೇ ಏನು ಹೇಳುತ್ತದೆ ಎಂದು ಕೇಳಿದ್ದರೆ, ಉತ್ತರ ಬೇರೆಯಾಗುವ ಸಾಧ್ಯತೆ ಇತ್ತು. ಇಂಥ ಹೋಲಿಕೆಯೇ ವಿಮರ್ಶೆ. ‘ಈ ತೀರ್ಪು ಟೀಕೆಗೆ ಒಳಗಾಗಿದೆ’ ಎಂಬ ವಾಕ್ಯ ಟೀಕೆ ಇದೆ ಎಂಬ ಸುದ್ದಿಯಷ್ಟೇ.

ಮೂರನೆಯ ಪ್ಯಾರಾ ಶಬರಿಮಲೆಯದು. 2018ರಲ್ಲಿ ನಾಲ್ಕು–ಒಂದರ ಬಹುಮತ ಮಹಿಳೆಯರ ಪ್ರವೇಶ ನಿರ್ಬಂಧವನ್ನು ರದ್ದುಗೊಳಿಸಿತು. ಹೆಚ್ಚಿನ ವಿದ್ಯಾರ್ಥಿಗಳು ಇಲ್ಲಿಗೆ ನಿಲ್ಲಿಸುತ್ತಾರೆ. ನಮ್ಮ ಪ್ರಶ್ನೆಗೆ ಬೇಕಾದದ್ದು ಫಲಿತಾಂಶವಲ್ಲ, ಪರೀಕ್ಷೆಯ ಬಗ್ಗೆ ನ್ಯಾಯಮೂರ್ತಿಗಳು ಏನೆಂದರು ಎಂಬುದು. ಭಿನ್ನಮತ ಬರೆದ ನ್ಯಾಯಮೂರ್ತಿ ಇಂದೂ ಮಲ್ಹೋತ್ರಾ, ಅತ್ಯಗತ್ಯ ಯಾವುದೆಂದು ನಿರ್ಧರಿಸಬೇಕಾದದ್ದು ಆ ಧಾರ್ಮಿಕ ಸಮುದಾಯ ಎಂದರು. ಬಹುಮತದಲ್ಲಿದ್ದ ನ್ಯಾಯಮೂರ್ತಿ ಚಂದ್ರಚೂಡ್ ಕೂಡ ಈ ಪರೀಕ್ಷೆಯ ಬಗ್ಗೆ ಅಳುಕು ತೋರಿಸಿ, ವ್ಯಕ್ತಿಯ ಘನತೆಗೆ ಧಕ್ಕೆ ತರುವ ಹೊರಗಿಡುವಿಕೆಗೆ ಸಂವಿಧಾನದ ರಕ್ಷಣೆ ಇಲ್ಲ ಎಂಬ ಬೇರೆ ನೆಲೆಯನ್ನು ಮುಂದಿಟ್ಟರು. ಫಲಿತಾಂಶದಲ್ಲಿ ಎದುರುಬದುರಾದ ಇಬ್ಬರೂ ಪರೀಕ್ಷೆಯ ವಿಷಯದಲ್ಲಿ ಅಸಮಾಧಾನ ಹೊಂದಿದ್ದರು. ಆರೋಪಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗದು. 2019ರ ನವೆಂಬರ್‌ನಲ್ಲಿ ಮರುಪರಿಶೀಲನೆಯ ಹಂತದಲ್ಲಿ ಇಂಥ ಪ್ರಶ್ನೆಗಳನ್ನು ದೊಡ್ಡ ಪೀಠಕ್ಕೆ ಒಪ್ಪಿಸಲಾಯಿತು ಎಂದು ಒಂದು ವಾಕ್ಯ ಸೇರಿಸಿ. ಆ ವಿಷಯ ಎಲ್ಲಿಗೆ ಬಂದಿದೆ ಎಂಬುದನ್ನು ಪರೀಕ್ಷೆಯ ವಾರದಲ್ಲಿ ನೋಡಿಕೊಂಡು ಹೋಗಿ. ಹಳೆಯ ಟಿಪ್ಪಣಿಯನ್ನು ನಂಬಬೇಡಿ.

ಎಚ್ಚರ: ಕರ್ನಾಟಕದವರಾದ್ದರಿಂದ ಹಿಜಾಬ್ ಪ್ರಕರಣ ಎಲ್ಲರ ನೆನಪಿಗೂ ಬರುತ್ತದೆ. ಬರೆಯುವುದಾದರೆ ಕಾನೂನಾಗಿ ಬರೆಯಿರಿ, ಸುದ್ದಿಯಾಗಿ ಬೇಡ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದು ಅತ್ಯಗತ್ಯ ಆಚರಣೆಯಲ್ಲ ಎಂದಿತು. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು; ನ್ಯಾಯಮೂರ್ತಿ ಧುಲಿಯಾ, ಈ ವ್ಯಾಜ್ಯ ತೀರ್ಮಾನಿಸಲು ಅತ್ಯಗತ್ಯತೆಯ ಪ್ರಶ್ನೆಗೆ ಹೋಗಬೇಕಾಗಿಯೇ ಇರಲಿಲ್ಲ ಎಂದರು. ನಮಗೆ ಉಪಯೋಗಕ್ಕೆ ಬರುವುದು ಈ ಮಾತು. ಸಮನಾಗಿ ಒಡೆದ ತೀರ್ಪು ಪೂರ್ವನಿದರ್ಶನವಾಗುವುದಿಲ್ಲ, ಅಂದರೆ ಮುಂದಿನ ಪ್ರಕರಣಗಳನ್ನು ಕಟ್ಟಿಹಾಕುವುದಿಲ್ಲ. ಹಾಗಾಗಿ “ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ” ಎಂದು ಎಂದೂ ಬರೆಯಬೇಡಿ.

ಹಂತ 7: ಎದುರು ವಾದವನ್ನು ಎತ್ತಿ ನಿಲ್ಲಿಸಿ, ದಾರಿ ತೋರಿಸಿ (5 ನಿಮಿಷ)

ತಾಳಮದ್ದಳೆ ಕೇಳಿದವರಿಗೆ ಈ ಹಂತ ಕಷ್ಟವಲ್ಲ. ಒಳ್ಳೆಯ ಅರ್ಥಧಾರಿ ಎದುರಾಳಿಯ ಮಾತನ್ನು ಕುಗ್ಗಿಸಿ ಹೇಳುವುದಿಲ್ಲ. ಅದನ್ನು ಪೂರ್ತಿ ಬಲದಿಂದ ಎತ್ತಿ ನಿಲ್ಲಿಸಿ ಆಮೇಲೆ ಉತ್ತರ ಕೊಡುತ್ತಾನೆ. ನಮ್ಮ ಶಾಸ್ತ್ರಗಳ ಪೂರ್ವಪಕ್ಷವೂ ಇದೇ. ಉತ್ತರಪತ್ರಿಕೆಯಲ್ಲೂ ಹಾಗೆಯೇ ಮಾಡಿ.

ಪರೀಕ್ಷೆಯ ಪರವಾದ ಬಲವಾದ ವಾದ ಇದು: ಯಾವ ಜರಡಿಯೂ ಇಲ್ಲದಿದ್ದರೆ ಧರ್ಮದ ಹೆಸರು ಹೇಳಿದ ಪ್ರತಿಯೊಂದಕ್ಕೂ ರಕ್ಷಣೆ ಸಿಕ್ಕಿ, ಸಮಾಜ ಸುಧಾರಣೆಯ ಕಾನೂನುಗಳು ಮುಂದೆ ಸಾಗುವುದೇ ಕಷ್ಟವಾಗುತ್ತದೆ. ಇದಕ್ಕೆ ಉತ್ತರವಾಗಿ ಮೂಲ್ಕಿಯ ಪ್ರಕರಣವನ್ನು ತನ್ನಿ. 1958ರ ವೆಂಕಟರಮಣ ದೇವರು ಪ್ರಕರಣದಲ್ಲಿ, ಗೌಡ ಸಾರಸ್ವತ ಬ್ರಾಹ್ಮಣ ಪಂಗಡದ ದೇವಾಲಯಕ್ಕೆ ಯಾರು ಪ್ರವೇಶಿಸಬಹುದು ಎಂಬುದು ಧರ್ಮದ ವಿಷಯವೇ ಎಂದು ನ್ಯಾಯಾಲಯ ಒಪ್ಪಿತು. ಒಪ್ಪಿದ ಮೇಲೆ, ಹಿಂದೂ ದೇವಾಲಯಗಳನ್ನು ಎಲ್ಲ ವರ್ಗಗಳಿಗೂ ತೆರೆಯಲು ಅವಕಾಶ ಕೊಡುವ 25ನೆಯ ಅನುಚ್ಛೇದದ ಮಾತಿಗೆ 26ನೆಯದು ಒಳಪಡುತ್ತದೆ ಎಂದು ಹೇಳಿ ಪ್ರವೇಶವನ್ನು ಎತ್ತಿಹಿಡಿಯಿತು. ಕೆಲವು ವಿಶೇಷ ಸೇವೆಗಳ ಸಂದರ್ಭದಲ್ಲಿ ಮಾತ್ರ ಪಂಗಡದ ಹಕ್ಕನ್ನು ಉಳಿಸಿತು. ಸುಧಾರಣೆ ನಡೆಯಿತು, ಆದರೆ ‘ನಿಮ್ಮ ಆಚರಣೆ ನಿಜವಾದ ಧರ್ಮವಲ್ಲ’ ಎಂದು ಯಾರಿಗೂ ಹೇಳಬೇಕಾಗಲಿಲ್ಲ. ಹಕ್ಕನ್ನು ಮೊದಲು ಒಪ್ಪು, ಆಮೇಲೆ ಸಂವಿಧಾನವೇ ಬರೆದಿಟ್ಟ ಮಿತಿಯಿಂದ ಅಳೆ: ಇದೇ ಪರ್ಯಾಯ. ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದುನಿಂತ ಮಕ್ಕಳ ಬಿಜೋ ಎಮ್ಯಾನುಯೆಲ್ ಪ್ರಕರಣದಲ್ಲೂ (1986) ನ್ಯಾಯಾಲಯ ನೋಡಿದ್ದು ನಂಬಿಕೆ ಪ್ರಾಮಾಣಿಕವೇ ಎಂಬುದನ್ನು. ಜಾಗವಿದ್ದರೆ ಒಂದು ವಾಕ್ಯ ಸಾಕು.

ಇನ್ನೊಂದು ಪ್ರಾಮಾಣಿಕ ಮಾತು ಇಲ್ಲಿ ಬರಬೇಕು. ದೇವರು ಪ್ರಕರಣದಲ್ಲೂ ನ್ಯಾಯಾಲಯ ಆಗಮಗಳನ್ನು ನೋಡಿಯೇ ತೀರ್ಮಾನಿಸಿತು. ಹಾಗಾಗಿ ಶಾಸ್ತ್ರ ಓದುವುದರಿಂದ ನ್ಯಾಯಾಧೀಶರು ಪೂರ್ತಿ ತಪ್ಪಿಸಿಕೊಳ್ಳಲಾರರು. ಅನುಯಾಯಿಗಳು ಏನು ನಂಬುತ್ತಾರೆ ಎಂದು ತಿಳಿಯಲು ಓದುವುದು ಒಂದು. ಆ ನಂಬಿಕೆಯ ಬೆಲೆ ಕಟ್ಟಲು ಓದುವುದು ಇನ್ನೊಂದು. ನಿಮ್ಮ ನಿಲುವಿನ ದುರ್ಬಲ ಜಾಗವನ್ನು ನೀವೇ ತೋರಿಸಿ ಹೀಗೆ ಭೇದ ಮಾಡಿದರೆ, ಅದನ್ನು ಹುಡುಕಿ ಅಂಕ ಕಳೆಯುವ ಅವಕಾಶ ಮೌಲ್ಯಮಾಪಕರಿಗೆ ಉಳಿಯುವುದಿಲ್ಲ.

ಹಂತ 8: ಮುಕ್ತಾಯ (2 ನಿಮಿಷ)

ಹಿಂದಿನ ಪುಟದಲ್ಲಿ ಬರೆದಿಟ್ಟ ವಾಕ್ಯವನ್ನು ಈಗ ಮೂರು ವಾಕ್ಯವಾಗಿ ಬಿಡಿಸಿ. ಹೊಸ ತೀರ್ಪು ಬೇಡ. “ಎರಡೂ ಕಡೆ ಸತ್ಯವಿದೆ, ಸಮತೋಲನ ಬೇಕು” ಎಂದು ಮುಗಿಸಬೇಡಿ. ಯಾವ ಹಂತದವರೆಗೆ ಆರೋಪ ಸುಳ್ಳು, ಎಲ್ಲಿಂದ ನಿಜ ಎಂದು ಇಸವಿ ಸಮೇತ ಹೇಳಿ.

ಹಂತ 9: ಸಮಯ ಜಾರಿದರೆ

ಯೋಜನೆ ಎಷ್ಟೇ ಚೆನ್ನಾಗಿದ್ದರೂ ಒಂದು ಉತ್ತರ ಎಳೆಯುತ್ತದೆ. ಬೆಂಚಿನ ಮೇಲೆ ಗಡಿಯಾರವಿಟ್ಟು, ಪ್ರತಿ ಉತ್ತರ ಶುರುವಾದ ಮತ್ತು ಮುಗಿಯಬೇಕಾದ ಹೊತ್ತನ್ನು ಟಿಪ್ಪಣಿಯ ಪಕ್ಕದಲ್ಲಿ ಬರೆದುಕೊಳ್ಳಿ. 10 ಗಂಟೆ 10ಕ್ಕೆ ಶುರುವಾದದ್ದು 10 ಗಂಟೆ 42ಕ್ಕೆ ಮುಗಿಯಬೇಕು. ಪರಿಶೀಲನೆಯ ಒಂದು ಗುರುತು ಮಧ್ಯದಲ್ಲೂ ಇರಲಿ: 14ನೆಯ ನಿಮಿಷಕ್ಕೆ, ಅಂದರೆ 10 ಗಂಟೆ 24ಕ್ಕೆ, ಶಿರೂರು ಮಠದ ಪ್ಯಾರಾ ಮುಗಿದಿರಬೇಕು. ಮುಗಿಯದಿದ್ದರೆ ಅಲ್ಲೇ ವಾಕ್ಯ ಪೂರ್ತಿ ಮಾಡಿ ಗಂಟಿಗೆ ಹೋಗಿ. ಕತ್ತರಿಸುವುದಾದರೆ ಮೊದಲು ಹೋಗಬೇಕಾದದ್ದು ಅಂಬೇಡ್ಕರ್ ಅವರ ಭಾಷಣದ ವಾಕ್ಯ, ಆಮೇಲೆ ಬಿಜೋ ಎಮ್ಯಾನುಯೆಲ್, ಆಮೇಲೆ ಶಬರಿಮಲೆಯ ವಾಸ್ತವಾಂಶಗಳು. ದರ್ಗಾ ಸಮಿತಿಯ ತಿರುವನ್ನೂ ದೇವರು ಪ್ರಕರಣವನ್ನೂ ಯಾವ ಕಾರಣಕ್ಕೂ ಬಿಡಬೇಡಿ. ಅವೆರಡು ಹೋದರೆ ವಾದವೇ ಹೋಯಿತು.

32 ನಿಮಿಷ ಮುಗಿದಾಗ ಉತ್ತರ ಅರ್ಧದಲ್ಲಿದ್ದರೆ ಅರ್ಧ ಪುಟ ಖಾಲಿ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಿ. ಖಾಲಿ ಬಿಡುವ ಮುನ್ನ ಮುಕ್ತಾಯದ ವಾಕ್ಯವನ್ನು ಕೆಳಗೆ ಬರೆದೇ ಬಿಡಿ. ಕೊನೆಯ 10 ನಿಮಿಷದಲ್ಲಿ ಹಿಂದಿರುಗಿ ಬಂದಾಗ ತುಂಬಬೇಕಾದದ್ದು ನಡುವಿನ ಜಾಗ ಮಾತ್ರ. ಆ ಹತ್ತು ನಿಮಿಷದಲ್ಲೇ ಇಸವಿಗಳನ್ನು ಒಮ್ಮೆ ನೋಡಿ. 1954, 1958, 1961 ಅದಲುಬದಲಾದರೆ ‘ಮೊದಲು ಹೀಗಿತ್ತು, ಆಮೇಲೆ ಜಾರಿತು’ ಎಂಬ ನಿಮ್ಮ ಇಡೀ ವಾದ ತಲೆಕೆಳಗಾಗುತ್ತದೆ. ನೆನಪಿಲ್ಲದ ಇಸವಿಯನ್ನು ಊಹಿಸಿ ಬರೆಯುವ ಬದಲು, “ಶಿರೂರು ಮಠದ ತೀರ್ಪಿನ ಕೆಲವು ವರ್ಷಗಳ ನಂತರ” ಎಂದು ಬರೆಯಿರಿ. ಕ್ರಮ ಸರಿಯಾಗಿದ್ದರೆ ವಾದ ನಿಲ್ಲುತ್ತದೆ.